ಹೊಸ ಬ್ರ್ಯಾಂಡ್ ತಂತ್ರವನ್ನು ಡಿಸೈನ್ ತಂಡಕ್ಕೆ ಬ್ರೀಫ್ ಮಾಡೋದು ಹೇಗೆ?

ಪ್ರಶ್ನೆ: ಹಾವೇರಿಯಲ್ಲಿ ನಮ್ಮದು ಬ್ಯಾಡಗಿ ಮೆಣಸಿನಪುಡಿ ಕಂಪನಿ. ಹೊಸ ಬ್ರ್ಯಾಂಡ್ ತಂತ್ರ ಸಿದ್ಧ ಇದೆ. ನಮ್ಮದೇ ಡಿಸೈನ್ ತಂಡಕ್ಕೆ ಮೊದಲ ಕೆಲಸ ಏನಂತ ಕೊಡಬೇಕು?

ಉತ್ತರ: ತಂತ್ರದ ಕಡತವನ್ನು ಹಾಗೇ ದಾಟಿಸಬೇಡಿ. ಬ್ರೀಫ್‌ನ ಮೇಲ್ಗಡೆ ಒಂದೇ ವಾಕ್ಯ ಇರಲಿ: ‘ಬಣ್ಣ ಗಾಢ, ಖಾರ ಹದ’. ಕೆಳಗೆ ಅದರಿಂದ ಹುಟ್ಟುವ ನಿರ್ಬಂಧ ಬರೆಯಿರಿ: ಬೆಂಕಿಯ ಜ್ವಾಲೆ ಬೇಡ, ಬೆವರುವ ಮುಖ ಬೇಡ. ಇದನ್ನು ಬರೆಯದಿದ್ದರೆ ಮೆಣಸಿನಕಾಯಿ ಅಂದ ಕೂಡಲೇ ಜ್ವಾಲೆ ಬಂದೇ ಬರುತ್ತದೆ.

ಮೊದಲ ಕಂತಿಗೆ ಮೂರೇ ಸಾಕು: 100 ಗ್ರಾಂ ಪೌಚಿನ ಮುಂಭಾಗ, ಅಂಗಡಿ ಬೋರ್ಡು, ವಾಟ್ಸಾಪ್ ಚಿತ್ರ. ಪೌಚಿನಿಂದಲೇ ಶುರುಮಾಡಿ, ಜಾಗ ಅಲ್ಲೇ ಇಕ್ಕಟ್ಟು. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಚೌಕಟ್ಟಿನಲ್ಲಿ ‘ಬ್ಯಾಡಗಿ’ಯ ಯ-ಒತ್ತು ಕತ್ತರಿಸಿಹೋಗುತ್ತದೆ; ಆದ್ದರಿಂದ ಲೋಗೋವನ್ನು ಕನ್ನಡದಲ್ಲೇ ಮೊದಲು ಬರೆಸಿ, ಕೆಳಗೆ ಒತ್ತಿಗೆ ಜಾಗ ಬಿಡಿಸಿ.

ಕೆಂಪನ್ನು ನಾಲ್ಕು ಶಾಯಿ ಬೆರೆಸಿ ಮುದ್ರಿಸಿದರೆ ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಅದರೊಳಗಿನ ಸಣ್ಣ ಬಿಳಿ ಅಕ್ಷರ ತುಂಬಿಕೊಳ್ಳುತ್ತದೆ. ಆ ಕೆಂಪಿಗೆ ಸ್ಪಾಟ್ ಶಾಯಿ, ಅಂದರೆ ಮೊದಲೇ ಆ ಬಣ್ಣಕ್ಕೆ ಬೆರೆಸಿಟ್ಟ ಒಂದೇ ಶಾಯಿಯನ್ನೇ ಬ್ರೀಫ್‌ನಲ್ಲಿ ನಮೂದಿಸಿ. ಪರದೆಯ ಮೇಲೆ ಒಪ್ಪಿಗೆ ಬೇಡವೇ ಬೇಡ: ನಿಜ ಅಳತೆಯ ಪ್ರಿಂಟನ್ನು ಹಳೇ ಪೌಚಿಗೆ ಅಂಟಿಸಿ, ಕಿರಾಣಿ ಅಂಗಡಿಯ ಕಪಾಟಿನಲ್ಲಿಟ್ಟು, ‘ಇದು ಎಂಥಾ ಪುಡಿ ಅನಸ್ತದರೀ?’ ಎಂದು ಗಿರಾಕಿಗಳನ್ನು ಕೇಳಿ. ‘ಭಾಳ ಖಾರ’ ಎಂಬ ಉತ್ತರವೇ ಹೆಚ್ಚು ಬಂದರೆ ಬೋರ್ಡಿನ ಕೆಲಸ ನಿಲ್ಲಿಸಿ, ಪೌಚನ್ನೇ ಮತ್ತೆ ಮಾಡಿಸಿ.