ಗಾರ್ಡಿಯನ್ ಆದರೆ ಸಾಕಾ, ದತ್ತೇ ತಗೋಬೇಕಾ?

"ತಂಗಿ, ಅವಳ ಗಂಡ ಇಬ್ಬರೂ ತೀರಿಕೊಂಡರು. 9 ವರ್ಷದ ಮಗಳು ನಮ್ಮ ಜೊತೆ ಇದ್ದಾಳೆ. ನಮಗೆ ಮಕ್ಕಳಿಲ್ಲ. ದತ್ತು ತಗೊಂಡ್ರೆ ಅವಳಪ್ಪನ ಸೈಟು ಕೈತಪ್ಪುತ್ತೆ, ಗಾರ್ಡಿಯನ್‌ಶಿಪ್ ಸಾಕು ಅಂತಾರೆ. ಸರಿನಾ?"

ಸರಿಯಲ್ಲ. ಈ ಸೈಟಿನ ಮಾತನ್ನು ನಂಬಿಯೇ ನಾವು ಕೆಟ್ಟೆವು.

ಅಣ್ಣ, ಅತ್ತಿಗೆ ಹೋದಮೇಲೆ ಅವರ ಮಗಳು ನಮ್ಮ ಮನೆಗೆ ಬಂದಳು. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಅರ್ಜಿ ಹಾಕಿ ಕೋರ್ಟಿನಿಂದ ಗಾರ್ಡಿಯನ್ ಆದೆ. ಶಾಲೆಗೆ ಸೇರಿಸಲು, ಅವಳ ಸೈಟು ನೋಡಿಕೊಳ್ಳಲು ಅದು ಸಾಕಾಯ್ತು. ಆದರೆ ಸೈಟು ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ದತ್ತು ಆಮೇಲೆ ನೋಡೋಣ, ಸೈಟು ಉಳೀಲಿ ಅಂದರು ದೊಡ್ಡವರು. ನಾನೂ ತಲೆಯಾಡಿಸಿದೆ.

ಕಾಯ್ದೆಯ ಪುಸ್ತಕ ತೆರೆದು ನೋಡಿದ್ದರೆ ಸಾಕಿತ್ತು. 1956ರ ಹಿಂದೂ ದತ್ತು ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ: ದತ್ತಿಗೆ ಮೊದಲೇ ಮಗುವಿಗೆ ಬಂದ ಆಸ್ತಿ ಮಗುವಿನದೇ. ಅಪ್ಪ ಸತ್ತಾಗಲೇ ಸೈಟಿನ ಪಾಲು ಅವಳಿಗೆ ಬಂದಾಗಿತ್ತು, ದತ್ತು ಕೊಟ್ಟರೂ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಅದೇ ಕಾಯ್ದೆಯಲ್ಲಿ ಇನ್ನೊಂದು ಷರತ್ತಿದೆ. ಮಗುವಿಗೆ 15 ತುಂಬಿರಬಾರದು, ಬೇರೆ ರೂಢಿ ಇರುವ ಸಮುದಾಯ ಬಿಟ್ಟು. ನಾವು ಸುಮ್ನೆ ಕೂತಿದ್ದಾಗ ಅದು ದಾಟಿತು. ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರು 18ರವರೆಗೂ ದತ್ತು ಪಡೆಯಬಹುದು. ಅದು ಗೊತ್ತಾಗುವಷ್ಟರಲ್ಲಿ 18 ಕೂಡ ಮುಗಿದಿತ್ತು. ಆವತ್ತೇ ನನ್ನ ಗಾರ್ಡಿಯನ್ ಪಟ್ಟವೂ ಮುಗಿಯಿತು. ಆಫೀಸಿನ ವಿಮೆಗೆ ಮಗಳು ಅಂತ ಹೆಸರು ಸೇರಿಸಲು ಹೋದರೆ ದತ್ತು ಪತ್ರ ಕೇಳಿದರು. ಎಲ್ಲಿಂದ ತರಲಿ?

ಗಾರ್ಡಿಯನ್ ಅಂದರೆ ಮಗುವನ್ನೂ ಆಸ್ತಿಯನ್ನೂ ನೋಡಿಕೊಳ್ಳುವವನು, ಅಷ್ಟೇ. ದತ್ತು ಆದರೆ ಮಗಳಾಗುತ್ತಾಳೆ, ನಿಮ್ಮ ಆಸ್ತಿಗೆ ಮಗಳಾಗಿ ವಾರಸುದಾರಳು. ಆಮೇಲೆ ರದ್ದು ಮಾಡಲೂ ಆಗಲ್ಲ. ಹಾಗಾಗಿ ಗಾರ್ಡಿಯನ್‌ಶಿಪ್ಪನ್ನು ದತ್ತಿನ ಬದಲಿಗೆ ಹಿಡ್ಕೋಬೇಡಿ, ಅದನ್ನು ಮೊದಲ ಮೆಟ್ಟಿಲು ಮಾಡಿಕೊಳ್ಳಿ.

ನೀವು ಹಿಂದೂ ಕಾಯ್ದೆಯಡಿ ಬರುವವರಾದರೆ, ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವನ್ನು ಕೊಡುವವನು ಗಾರ್ಡಿಯನ್ನೇ. ಅದಕ್ಕೆ ಕೋರ್ಟಿನ ಮುಂಚಿತ ಅನುಮತಿ ಬೇಕು. 9ನೇ ಸೆಕ್ಷನ್ ಪ್ರಕಾರ ಗಾರ್ಡಿಯನ್ ತನಗೇ ದತ್ತು ತೆಗೆದುಕೊಳ್ಳಲೂಬಹುದು. ಕೊಡೋನೂ ನೀವೇ, ತಗೊಳ್ಳೋನೂ ನೀವೇ, ವಿಚಿತ್ರ ಅಲ್ವಾ! ದುಡ್ಡಿನ ವ್ಯವಹಾರ ನಡೆದಿಲ್ಲವೇ, ಮಗುವಿನ ಇಷ್ಟವೇನು ಅಂತ ಕೋರ್ಟು ನೋಡುತ್ತದೆ. ನೀವು ಗಂಡಸಾಗಿದ್ದರೆ ಅವಳಿಗಿಂತ ಕನಿಷ್ಠ 21 ವರ್ಷ ದೊಡ್ಡವರಿರಬೇಕು, ಹೆಂಡತಿಯ ಒಪ್ಪಿಗೆಯೂ ಬೇಕು. ಅನುಮತಿ ಬಂದಮೇಲೆ ಮಗುವನ್ನು ಕೊಟ್ಟು ತೆಗೆದುಕೊಳ್ಳುವ ಶಾಸ್ತ್ರ ಮಾಡಿ. ಹೋಮ ಕಡ್ಡಾಯವಲ್ಲ.

ನೋಟರಿ ಸೀಲು ಹಾಕಿದ ಬಾಂಡ್ ಪೇಪರ್ ಸಾಕು ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ದತ್ತು ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ನೋಂದಾಯಿತ ಪತ್ರಕ್ಕೆ ಕೊಟ್ಟವರು, ತೆಗೆದುಕೊಂಡವರು ಇಬ್ಬರ ಸಹಿಯೂ ಇದ್ದರೆ, ದತ್ತು ಕಾನೂನು ಪ್ರಕಾರವೇ ಆಗಿದೆ ಅಂತ ಕೋರ್ಟು ಭಾವಿಸುತ್ತದೆ. ಸುಳ್ಳು ಅಂತ ಸಾಬೀತು ಮಾಡುವ ಹೊಣೆ ಎದುರಿನವರ ಮೇಲೆ ಬೀಳುತ್ತದೆ.

ನನ್ನ ಬಳಿ ಉಳಿದಿದ್ದ ದಾರಿ ವಿಲ್ ಒಂದೇ. ಅದನ್ನೂ ರಿಜಿಸ್ಟರ್ ಮಾಡಿಸಿದ್ದೇನೆ.