ಡ್ರಮ್‌ನಲ್ಲಿ ಎಷ್ಟು ಮೀಟರ್ ಕೇಬಲ್ ಉಳಿದಿದೆ?

ಪ್ರಶ್ನೆ: ಸರ್, ಯಾದಗಿರಿ ಹತ್ತಿರ ಕಡೇಚೂರಿನಲ್ಲಿ ವೈರಿಂಗ್ ಕೆಲಸ ಹಿಡಿದೀನಿ. ಪ್ಯಾನೆಲ್‌ನಿಂದ ಶೆಡ್‌ಗೆ 240 ಮೀಟರ್ ಆರ್ಮರ್ಡ್ ಕೇಬಲ್ ಒಂದೇ ತುಂಡಲ್ಲಿ ಬೇಕು. ಅರ್ಧ ಖಾಲಿಯಾದ ಡ್ರಮ್ ಇದೆ. ಬಿಚ್ಚದೆ ಅಳತೆ ಹಾಕೋಕೆ ಆಗುತ್ತಾ? – ಎಲೆಕ್ಟ್ರಿಕಲ್ ಕಂಟ್ರಾಕ್ಟರ್, ಯಾದಗಿರಿ

ಉತ್ತರ: ಆಗುತ್ತದೆ. ಒಂದು ಟೇಪ್ ಸಾಕು.

ಮೊದಲು ಕೇಬಲ್ ಸುತ್ತಿನ ಮೇಲೆ ಟೇಪ್ ಸುತ್ತಿ ಸುತ್ತಳತೆ ನೋಡಿ, 3.14ರಿಂದ ಭಾಗಿಸಿ. ಅದು ಹೊರ ವ್ಯಾಸ. ಪಕ್ಕದ ಮರದ ಚಕ್ರವನ್ನು ಅಳೆಯಬೇಡಿ, ಅದು ಯಾವಾಗಲೂ ದೊಡ್ಡದೇ ಇರುತ್ತದೆ. ಆಮೇಲೆ ಚಕ್ರ ಮತ್ತು ಕೇಬಲ್ ನಡುವಿನ ಸಂದಿಯಲ್ಲಿ ಗಟ್ಟಿ ತಂತಿ ಇಳಿಸಿ. ಒಳಗಿನ ದಿಂಡಿಗೆ ತಾಗುವವರೆಗೆ ಎಷ್ಟು ಆಳ ಹೋಯಿತೋ ಅದು ಪದರಗಳ ಒಟ್ಟು ದಪ್ಪ. ಕೇಬಲ್ ದಪ್ಪಕ್ಕೆ ಒಂದೇ ಕಡೆ ಅಳೆದು ಸುಮ್ನೆ ನಂಬಬೇಡಿ. ಪಕ್ಕಪಕ್ಕದ ಹತ್ತು ಸುತ್ತಿನ ಅಗಲ ಅಳೆದು ಹತ್ತರಿಂದ ಭಾಗಿಸಿ.

ನಿಮ್ಮ ಡ್ರಮ್‌ನಲ್ಲಿ ಹೊರ ವ್ಯಾಸ 90 ಸೆಂ.ಮೀ., ಆಳ 15, ಕೇಬಲ್ ದಪ್ಪ 2.5 ಎಂದುಕೊಳ್ಳಿ. ದಿಂಡಿನ ವ್ಯಾಸ 60, ಪದರ 6. ಒಂದು ಪದರಕ್ಕೆ 20 ಸುತ್ತು ಹಿಡಿಯುತ್ತವೆ ಅನ್ನೋಣ. 90 ಮತ್ತು 60ರ ಸರಾಸರಿ 75. ಹಾಗಾಗಿ ಒಂದು ಸುತ್ತಿನ ಸರಾಸರಿ ಉದ್ದ 2.36 ಮೀಟರ್.

```
3.14 × 0.75 × 20 × 6 = 283 ಮೀ.
```

ಆದರೆ ಮೇಲಿನ ಪದರ ಪೂರ್ತಿ ತುಂಬಿರುವುದು ಅಪರೂಪ. ಅಲ್ಲಿ 12 ಸುತ್ತೇ ಇದ್ದರೆ 8 ಸುತ್ತು ಕಳೆಯಬೇಕು. ಹೊರಗಿನ ಸುತ್ತು ಒಂದೊಂದೂ 2.75 ಮೀಟರ್, ಅಂದರೆ 22 ಮೀಟರ್ ಹೋಯಿತು. ಉಳಿದದ್ದು 261.

ಇದೂ ಅಂದಾಜೇ. ಸೈಟ್‌ನಲ್ಲಿ ಮತ್ತೆ ಸುತ್ತಿದ ಡ್ರಮ್‌ನಲ್ಲಿ ಸುತ್ತುಗಳು ಸಡಿಲ ಇರುತ್ತವೆ, ಅಲ್ಲಲ್ಲಿ ಒಂದರ ಮೇಲೊಂದು ಹತ್ತಿರುತ್ತವೆ. ನಾನಾದರೆ ಶೇಕಡಾ 5 ಕಡಿಮೆ ಹಿಡಿಯುತ್ತೇನೆ. ಆಗ 248. ತಂತಿ ದಿಂಡಿಗೆ ತಾಗದೆ ಒಂದು ಸೆಂ.ಮೀ. ಮೇಲೆ ನಿಂತಿದ್ದರೂ ಲೆಕ್ಕ ಹತ್ತು ಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಎರಡೂ ತುದಿಯ ಜೋಡಣೆಗೆ ಬೇಕಾದ ಉದ್ದ ಬೇರೆ. ನಿಮ್ಮ 240ಕ್ಕೆ ಈ ಲೆಕ್ಕ ತೀರಾ ಅಂಚಿನಲ್ಲಿದೆ, ಇದೊಂದನ್ನೇ ನಂಬಿ ಕೆಲಸಕ್ಕೆ ಇಳಿಯಬೇಡಿ.

ಕೇಬಲ್ ಮೈಮೇಲೆ ಮೀಟರ್ ಸಂಖ್ಯೆ ಅಚ್ಚಾಗಿದೆಯಾ ನೋಡಿ. ಒಳತುದಿ ಸಾಮಾನ್ಯವಾಗಿ ಚಕ್ರದ ತೂತಿನಿಂದ ಹೊರಬಂದಿರುತ್ತದೆ. ಎರಡು ತುದಿಯ ಸಂಖ್ಯೆಗಳ ವ್ಯತ್ಯಾಸವೇ ನಿಜವಾದ ಉದ್ದ. ಅದು ನಿಮ್ಮ ಲೆಕ್ಕದಿಂದ ತುಂಬಾ ದೂರ ಇದ್ದರೆ ಡ್ರಮ್‌ನಲ್ಲಿ ಎರಡು ತುಂಡು ಇರಬಹುದು. ಖಚಿತಕ್ಕೆ, ಒಳತುದಿಯಲ್ಲಿ ಎರಡು ಕೋರ್ ಸೇರಿಸಿ, ಹೊರತುದಿಯಲ್ಲಿ ಅವೇ ಎರಡರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬರದಿದ್ದರೆ ಅದನ್ನು ಒಂದೇ ತುಂಡೆಂದು ಲೆಕ್ಕಕ್ಕೆ ಹಿಡಿಯಬೇಡಿ. ಸಂಖ್ಯೆ ಅಳಿಸಿಹೋಗಿದ್ದರೆ ಮಾತ್ರ ಇನ್ನೊಂದು ಡ್ರಮ್‌ಗೆ ಸುತ್ತಿ ಅಳೆಯಿರಿ.