ಒಂದೇ ಬಿಂದುವಿನಲ್ಲಿ ಮಿತಿಯಿರುವ ಫಲನ

ಪ್ರಶ್ನೆ: "x ಭಾಗಲಬ್ಧವಾದರೆ f(x) = 3x, ಅಭಾಗಲಬ್ಧವಾದರೆ f(x) = x + 4. ಮಿತಿ 2ರಲ್ಲಿ ಮಾತ್ರ ಇದೆಯಂತೆ. √2ರಲ್ಲಿ ಏಕಿಲ್ಲ?"

√2 ಸ್ವತಃ ಅಭಾಗಲಬ್ಧವಾದ್ದರಿಂದ ಅಲ್ಲಿ x + 4 ಎಂಬ ಸೂತ್ರವೊಂದೇ ಸಾಕು ಎಂದು ತೋರಬಹುದು; ಆದರೆ ಮಿತಿಯನ್ನು ನಿರ್ಧರಿಸುವುದು ಆ ಬಿಂದುವಲ್ಲ, ಅದರ ನೆರೆಹೊರೆ. ಎಷ್ಟೇ ಕಿರಿದಾದ ಅಂತರಾಳದಲ್ಲೂ ಎರಡೂ ಬಗೆಯ ಸಂಖ್ಯೆಗಳಿರುತ್ತವೆ. 1.4, 1.41, 1.414 ಎಂದು ಭಾಗಲಬ್ಧ ಸಂಖ್ಯೆಗಳ ಮೂಲಕ √2ನ್ನು ಸಮೀಪಿಸಿದರೆ ಫಲನದ ಬೆಲೆಗಳು 4.2, 4.23, 4.242 ಎಂದು 3√2ರತ್ತ ಸಾಗುತ್ತವೆ. √2 + √2/n ಎಂಬ ಅಭಾಗಲಬ್ಧ ಸಂಖ್ಯೆಗಳ ಮೂಲಕ ಸಮೀಪಿಸಿದರೆ ಅವು √2 + 4ರತ್ತ, ಅಂದರೆ ಸುಮಾರು 5.414ರತ್ತ ಸಾಗುತ್ತವೆ. ಎರಡು ದಾರಿಗಳು ಎರಡು ಬೆಲೆಗಳಿಗೆ ಒಯ್ಯುವುದರಿಂದ ಮಿತಿ ಇಲ್ಲ.

ಯಾವುದೇ a ಬಿಂದುವಿನಲ್ಲೂ ಇದೇ ರೀತಿ 3a ಮತ್ತು a + 4 ದೊರೆಯುತ್ತವೆ; ಇವು ಸಮವಾಗುವುದು a = 2 ಆದಾಗ ಮಾತ್ರ.

ಆದರೆ ಎರಡು ಶ್ರೇಢಿಗಳು 6ಕ್ಕೆ ಹೋದವೆಂದ ಮಾತ್ರಕ್ಕೆ 2ರಲ್ಲಿ ಮಿತಿಯಿದೆ ಎಂದು ಬರೆದುಬಿಡಬೇಡಿ; ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಸಾಮಾನ್ಯವಾಗಿ ಇಲ್ಲಿಯೇ. x ಭಾಗಲಬ್ಧವಾದರೆ |f(x) − 6| = 3|x − 2|, ಅಲ್ಲದಿದ್ದರೆ |f(x) − 6| = |x − 2|; ಆದ್ದರಿಂದ ಪ್ರತಿಯೊಂದು x ಗೂ |f(x) − 6| ≤ 3|x − 2| ಆಗಿರುತ್ತದೆ ಮತ್ತು ಕೊಟ್ಟ ε ಗೆ δ = ε/3 ಎಂದು ಆರಿಸಿಕೊಂಡರೆ ಸಾಧನೆ ಪೂರ್ಣವಾಗುತ್ತದೆ. f(2) = 6 ಆಗಿರುವುದರಿಂದ ಫಲನವು ಅಲ್ಲಿ ಅವಿಚ್ಛಿನ್ನವೂ ಹೌದು.